ಪ್ಯಾಕೆಟ್ ಸೀರಿಯಲ್, ಯೋಗರ್ಟ್‌ನಲ್ಲಿರುವ ಸಕ್ಕರೆ ಬಗ್ಗೆ ಹೆತ್ತವರಿಗೆ ಪತ್ರ ಬರೆಯುವುದು ಹೇಗೆ?

ಪ್ರಶ್ನೆ: "ಕಾಸರಗೋಡು ಕಡೆಯ ಒಂದು ಶಾಲೆಯಲ್ಲಿ ಈ ವರ್ಷದಿಂದ ಕ್ಯಾಂಟೀನ್ ಉಸ್ತುವಾರಿ ನನ್ನದು. ಸಣ್ಣ ಕ್ಲಾಸಿನ ಮಕ್ಕಳು ಬುತ್ತಿಗೆ ಚಾಕಲೇಟ್ ಸೀರಿಯಲ್, ಸ್ಟ್ರಾಬೆರಿ ಯೋಗರ್ಟ್ ತರುತ್ತಾರೆ. ಅದರಲ್ಲಿ ಎಷ್ಟು ಸಕ್ಕರೆ ಇದೆ ಅಂತ ಹೆತ್ತವರಿಗೆ ಒಂದು ಪತ್ರ ಬರೆಯಬೇಕು. ಯಾರಿಗೂ ಬೇಸರ ಆಗಬಾರದು, ವಿಷಯವೂ ತಲುಪಬೇಕು. ಹೇಗೆ ಬರೆಯಲಿ?"

ನಾನೂ ಬದಿಯಡ್ಕ ಕಡೆಯ ಒಂದು ಶಾಲೆಯಲ್ಲಿ ಇದೇ ಕೆಲಸ ಮಾಡುತ್ತೇನೆ. ಎರಡು ಸಲ ಪತ್ರ ಬರೆದಿದ್ದೇನೆ. ಮೊದಲನೆಯದು ಸರಿ ಬರಲಿಲ್ಲ, ಎರಡನೆಯದು ಕೆಲಸ ಮಾಡಿತು. ಮೊದಲನೆಯದು ಯಾಕೆ ಕೆಟ್ಟಿತು ಅಂತ ಹೇಳಿದರೆ ನಿಮಗೆ ಜಾಸ್ತಿ ಉಪಯೋಗ ಆದೀತು.

ಅದರಲ್ಲಿ ಎರಡು ತಪ್ಪಿತ್ತು. ಒಂದು, "ಇಂಥದ್ದನ್ನು ತರುವುದಕ್ಕೆ ಕಾನೂನಿನಲ್ಲೇ ಅವಕಾಶ ಇಲ್ಲ" ಅಂತ ಬರೆದುಬಿಟ್ಟಿದ್ದೆ. ಅದು ಹಾಗಲ್ಲ. ಶಾಲಾ ಮಕ್ಕಳ ಆಹಾರದ ಬಗ್ಗೆ ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐ 2020ರಲ್ಲಿ ತಂದ ನಿಯಮ ಇರುವುದು ಮಾರಾಟಕ್ಕೆ. ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿಯನ್ನು ಶಾಲೆಯೊಳಗೂ, ಗೇಟಿನಿಂದ 50 ಮೀಟರ್ ಒಳಗೂ ಮಾರಬಾರದು ಅಂತ. ಅಂದರೆ ಅದು ನಮ್ಮ ಕ್ಯಾಂಟೀನಿಗೆ ಕಟ್ಟಿದ ನಿಯಮ, ಅಮ್ಮ ಕಟ್ಟಿಕೊಟ್ಟ ಬುತ್ತಿಗಲ್ಲ. ಒಬ್ಬ ತಂದೆ ಆಫೀಸಿಗೆ ಬಂದು ಇದನ್ನೇ ಕೇಳಿದರು, ನನ್ನ ಹತ್ತಿರ ಉತ್ತರ ಇರಲಿಲ್ಲ.

ಎರಡನೇ ತಪ್ಪು ಲೆಕ್ಕದ್ದು. 100 ಗ್ರಾಂನ ಯೋಗರ್ಟ್ ಕಪ್ಪಿನ ಮೇಲೆ ಒಟ್ಟು ಸಕ್ಕರೆ 14.5 ಗ್ರಾಂ ಅಂತ ಇತ್ತು. ಅಷ್ಟನ್ನೂ "ಕಂಪನಿ ಹಾಕಿದ ಸಕ್ಕರೆ" ಅಂತ ಬರೆದೆ. ಹಾಲಿನ ಸೊಸೈಟಿಯಲ್ಲಿ ಕೆಲಸ ಮಾಡುವ ಒಬ್ಬರು ಅಕ್ಕ ಮದರ್ ಪಿ.ಟಿ.ಎ. ದಿನ ಮೆಲ್ಲಗೆ ಹತ್ತಿರ ಬಂದು, "ಟೀಚರೇ, ಬರೀ ಮೊಸರಿನಲ್ಲೂ ಸಕ್ಕರೆ ಇರ್ತದಲ್ವಾ, ಅದನ್ನು ಕಳೆಯಬೇಡವಾ?" ಅಂದರು. ಅವರು ಹೇಳಿದ್ದು ಸರಿ. ಹಾಲಿನಲ್ಲಿ ಲ್ಯಾಕ್ಟೋಸ್ ಅನ್ನುವ ಸಕ್ಕರೆ ತಾನಾಗಿಯೇ ಇರುತ್ತದೆ. ಮೊಸರು ಹೆಪ್ಪಾಗುವಾಗ ಸ್ವಲ್ಪ ಹುಳಿಯಾಗಿ ಹೋಗುತ್ತದೆ, ಆದರೂ 100 ಗ್ರಾಂ ಸಾದಾ ಮೊಸರಿನಲ್ಲಿ ನಾಲ್ಕೂವರೆ ಗ್ರಾಂನಷ್ಟು ಉಳಿಯುತ್ತದೆ. ಆ ಸಕ್ಕರೆ ಬಗ್ಗೆ ಚಿಂತೆ ಬೇಡ. ಕಪ್ಪಿನ 14.5ರಲ್ಲಿ ಅದನ್ನು ಕಳೆದರೆ ಹತ್ತು ಗ್ರಾಂ, ಅದು ಮೇಲಿಂದ ಹಾಕಿದ್ದು. ನಾವು ಮಾತಾಡಬೇಕಾದ್ದು ಆ ಹತ್ತರ ಬಗ್ಗೆ.

ಎರಡನೇ ಪತ್ರ ಬರೆಯುವ ಮೊದಲು ನಾನು ಒಂದು ಕೆಲಸ ಮಾಡಿದೆ, ನೀವೂ ಮಾಡಿ. ಮದರ್ ಪಿ.ಟಿ.ಎ.ಗೆ ಅಡುಗೆಮನೆಯ ತಕ್ಕಡಿ, ಒಂದು ಪ್ಯಾಕೆಟ್ ಚಾಕಲೇಟ್ ಸೀರಿಯಲ್, ಒಂದು ಸ್ಟೀಲಿನ ಬಟ್ಟಲು ತೆಗೆದುಕೊಂಡು ಹೋದೆ. ಮೂರನೇ ಕ್ಲಾಸಿನ ಒಬ್ಬ ಹುಡುಗನ ಅಮ್ಮನಿಗೆ "ಮನೆಯಲ್ಲಿ ಮಗನಿಗೆ ಹಾಕುವಷ್ಟೇ ಹಾಕಿ" ಅಂದೆ. ಅವರು ಸುಮ್ನೆ ಎಂದಿನ ಹಾಗೆ ಸುರಿದರು. ಬಟ್ಟಲು ತುಂಬಲೂ ಇಲ್ಲ, ಮುಕ್ಕಾಲಕ್ಕಿಂತ ಸ್ವಲ್ಪ ಮೇಲೆ ಬಂತು. ತೂಗಿದರೆ 58 ಗ್ರಾಂ. ಪ್ಯಾಕೆಟ್ಟಿನಲ್ಲಿ "ಒಂದು ಸಲಕ್ಕೆ" ಅಂತ ಬರೆದದ್ದು 30 ಗ್ರಾಂ. ಇನ್ನೊಂದು ಬಟ್ಟಲಿಗೆ ಸರಿಯಾಗಿ 30 ಗ್ರಾಂ ತೂಗಿ ಪಕ್ಕದಲ್ಲಿಟ್ಟೆ. ತಳ ಮುಚ್ಚಿ ಅದರ ಮೇಲೆ ಸ್ವಲ್ಪ, ಅಷ್ಟೇ. "ಇದು ನಮ್ಮ ಸಣ್ಣವಳಿಗೂ ಸಾಕಾಗ್ಲಿಕ್ಕಿಲ್ಲ" ಅಂದರು ಹಿಂದಿನಿಂದ ಯಾರೋ. ಪ್ಯಾಕೆಟ್ಟಿನ ಎದುರುಗಡೆ ದೊಡ್ಡದಾಗಿ ಬರೆದ ಲೆಕ್ಕವೆಲ್ಲ ಈ ಸಣ್ಣ ಬಟ್ಟಲಿನದ್ದು. ಮಗು ತಿನ್ನುವುದು ದೊಡ್ಡ ಬಟ್ಟಲಿನದ್ದು. ನನಗೆ ಕೇಳಿದರೆ ಸಕ್ಕರೆ ಅಡಗಿ ಕೂತಿರುವ ಮುಖ್ಯ ಜಾಗ ಇದೇ, ಸಣ್ಣ ಅಕ್ಷರದ ಹೆಸರುಗಳೆಲ್ಲ ಆಮೇಲಿನದ್ದು.

ಆ ದಿನದ ಲೆಕ್ಕವನ್ನೇ ಪತ್ರಕ್ಕೆ ಹಾಕಿದೆ. ಪತ್ರ ಇಲ್ಲಿದೆ, ನಿಮ್ಮ ಶಾಲೆಯಲ್ಲಿ ಕಂಡ ಅಂಕಿ ಹಾಕಿಕೊಂಡು ಬಳಸಿ.

"ಪ್ರೀತಿಯ ಹೆತ್ತವರೇ,

ನಮ್ಮ ಮಕ್ಕಳ ಬುತ್ತಿಯಲ್ಲಿ ಪ್ಯಾಕೆಟ್ ಸೀರಿಯಲ್ ಮತ್ತು ಹಣ್ಣಿನ ರುಚಿಯ ಯೋಗರ್ಟ್ ಆಗಾಗ ಕಾಣುತ್ತಿದೆ. ತರಬಾರದು ಅಂತ ಹೇಳಲು ಈ ಪತ್ರ ಅಲ್ಲ. ಸೀರಿಯಲ್‌ಗೆ ಕಬ್ಬಿಣ, ವಿಟಮಿನ್ ಸೇರಿಸಿರುತ್ತಾರೆ, ಯೋಗರ್ಟ್‌ನಲ್ಲಿ ಹಾಲಿನ ಸತ್ವ ಇದೆ. ಆದರೆ ಅದರ ಜೊತೆ ಎಷ್ಟು ಸಕ್ಕರೆ ಹೋಗುತ್ತಿದೆ ಅಂತ ನೀವೇ ಮನೆಯಲ್ಲಿ ಲೆಕ್ಕ ಹಾಕುವ ರೀತಿ ತಿಳಿಸುತ್ತೇನೆ.

ಪ್ಯಾಕೆಟ್ ತಿರುಗಿಸಿ, ಹಿಂದಿನ ಕೋಷ್ಟಕ ನೋಡಿ. '100 ಗ್ರಾಂಗೆ' ಅನ್ನುವ ಸಾಲಿನಲ್ಲಿ 'ಆಡೆಡ್ ಶುಗರ್ಸ್' ಎಷ್ಟಿದೆ ಅಂತ ಹುಡುಕಿ. ನಾವು ನೋಡಿದ ಚಾಕಲೇಟ್ ಸೀರಿಯಲ್‌ನಲ್ಲಿ ಅದು 31 ಗ್ರಾಂ. ಪ್ಯಾಕೆಟ್ ಹೇಳುವ 30 ಗ್ರಾಂ ತಿಂದರೆ 9 ಗ್ರಾಂ ಚಿಲ್ಲರೆ. ಆದರೆ ನಮ್ಮ ಮಕ್ಕಳ ಬಟ್ಟಲಿಗೆ ಬೀಳುವುದು 58 ಗ್ರಾಂ, ಆಗ ಸಕ್ಕರೆ 18 ಗ್ರಾಂ. ಮಟ್ಟಸವಾಗಿ ತುಂಬಿದ ಒಂದು ಟೀ ಚಮಚದಲ್ಲಿ 4 ಗ್ರಾಂ ಸಕ್ಕರೆ ಹಿಡಿಯುತ್ತದೆ, ಅಂದರೆ ನಾಲ್ಕೂವರೆ ಚಮಚ. ಜೊತೆಗೆ 100 ಗ್ರಾಂನ ಒಂದು ಕಪ್ ಸ್ಟ್ರಾಬೆರಿ ಯೋಗರ್ಟ್ ಕೊಟ್ಟರೆ ಮೇಲಿಂದ ಹಾಕಿದ ಸಕ್ಕರೆ 10 ಗ್ರಾಂ, ಇನ್ನೂ ಎರಡೂವರೆ ಚಮಚ. ಎರಡೂ ಸೇರಿ ಏಳು ಚಮಚ. ಮಧ್ಯಾಹ್ನದ ಊಟ, ಸಂಜೆಯ ಚಹಾ, ಬಿಸ್ಕೆಟ್ ಎಲ್ಲ ಇನ್ನೂ ಬಾಕಿ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಪ್ರಕಾರ ಇಂಥ ಸಕ್ಕರೆ ದಿನದ ಒಟ್ಟು ಕ್ಯಾಲೊರಿಯ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಇರಬೇಕು, ಅದರ ಅರ್ಧಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. ದಿನಕ್ಕೆ 1700 ಕ್ಯಾಲೊರಿ ಬೇಕಾಗುವ ಎಂಟು ವರ್ಷದ ಮಗುವಿಗೆ ಲೆಕ್ಕ ಹಾಕಿದರೆ ಮೇಲಿನ ಮಿತಿ ಹತ್ತು ಚಮಚ, ಒಳ್ಳೆಯ ಮಿತಿ ಐದು ಚಮಚ. ಬೆಳಗ್ಗೆಯೇ ಏಳು ಮುಗಿದಿದೆ.

ನಿಮ್ಮ ಮಗುವಿಗೆ ಸಕ್ಕರೆ ಕಾಯಿಲೆ ಇದ್ದರೆ ಈ ಲೆಕ್ಕ ಸಾಲದು, ಡಾಕ್ಟರು ಹೇಳಿದ್ದನ್ನೇ ಅನುಸರಿಸಿ, ನಮಗೂ ತಿಳಿಸಿ.

ಇಂತಿ, ಕ್ಯಾಂಟೀನ್ ಉಸ್ತುವಾರಿ."

ಪತ್ರ ಇಷ್ಟೇ. ಇನ್ನೂ ಉದ್ದ ಮಾಡಬೇಡಿ, ಓದುವುದಿಲ್ಲ. ಆದರೆ ಪತ್ರ ಹೋದ ಮೇಲೆ ಪ್ರಶ್ನೆ ಬರುತ್ತದೆ, ಅದಕ್ಕೆ ತಯಾರಾಗಿರಿ.

ನಮ್ಮಲ್ಲಿ ಮೊದಲು ಬಂದದ್ದು ಗಲ್ಫ್ ಡಬ್ಬದ ಪ್ರಶ್ನೆ. ನಿಮ್ಮಲ್ಲೂ ಬರುತ್ತದೆ ನೋಡಿ, ಕುಂಬಳೆ, ಉಪ್ಪಳ ಕಡೆ ಎಷ್ಟೋ ಮನೆಯಲ್ಲಿ ಅಪ್ಪ ರಜೆಗೆ ಬರುವಾಗ ಪೆಟ್ಟಿಯಲ್ಲಿ ಸೀರಿಯಲ್ ಡಬ್ಬ ಇದ್ದೇ ಇರುತ್ತದೆ. ಅಂಥ ಎಷ್ಟೋ ಡಬ್ಬದಲ್ಲಿ 'ಆಡೆಡ್ ಶುಗರ್ಸ್' ಅನ್ನುವ ಸಾಲೇ ಇರುವುದಿಲ್ಲ, ಕಾರ್ಬೋಹೈಡ್ರೇಟ್ ಕೆಳಗೆ "ಆಫ್ ವಿಚ್ ಶುಗರ್ಸ್" ಅಂತ ಒಂದೇ ಅಂಕಿ ಇರುತ್ತದೆ. ಆಗ ಏನು ಮಾಡುವುದು? ದ್ರಾಕ್ಷಿ, ಖರ್ಜೂರದಂಥ ಒಣಹಣ್ಣು ಇಲ್ಲದ ಸೀರಿಯಲ್ ಆದರೆ ಆ ಅಂಕಿ ಹೆಚ್ಚುಕಡಿಮೆ ಪೂರ್ತಿ ಹಾಕಿದ ಸಕ್ಕರೆಯೇ ಅಂತ ಹಿಡಿಯಬಹುದು, ಯಾಕೆಂದರೆ ಗೋಧಿ, ಜೋಳ, ಅಕ್ಕಿಯಲ್ಲಿ ತಾನಾಗಿ ಇರುವ ಸಕ್ಕರೆ ತುಂಬಾ ಕಡಿಮೆ. ಯೋಗರ್ಟ್ ಆದರೆ 100 ಗ್ರಾಂಗೆ ನಾಲ್ಕೂವರೆ ಕಳೆಯಿರಿ. ಸರಿಯಾದ ಅಂಕಿ ಸಿಗುವುದಿಲ್ಲ, ಅಂದಾಜಿಗೆ ಅಡ್ಡಿಯಿಲ್ಲ.

ಎರಡನೆಯದು, "ಪ್ಯಾಕೆಟ್ಟಿನಲ್ಲಿ ಬರೀ 19 ಶೇಕಡಾ ಅಂತ ಇದೆಯಲ್ಲ?" ಅನ್ನುವುದು. ಆ ಶೇಕಡಾ ಲೆಕ್ಕ ದಿನಕ್ಕೆ 2000 ಕ್ಯಾಲೊರಿ ತಿನ್ನುವ ದೊಡ್ಡವರದ್ದು, 50 ಗ್ರಾಂ ಸಕ್ಕರೆಯನ್ನು ನೂರು ಅಂತ ಇಟ್ಟುಕೊಂಡು ಮಾಡಿದ್ದು. ಅದೂ 30 ಗ್ರಾಂ ಬಟ್ಟಲಿಗೆ. ನಮ್ಮ ಹುಡುಗನ ಬಟ್ಟಲಿಗೆ, ಅವನ ಐದು ಚಮಚದ ಮಿತಿಗೆ ಹಾಕಿದರೆ ಅದು ಶೇಕಡಾ 90 ಆಗುತ್ತದೆ. ಈ ಒಂದು ಮಾತನ್ನು ಸಭೆಯಲ್ಲಿ ನಿಧಾನವಾಗಿ ಬೋರ್ಡಿನ ಮೇಲೆ ಬರೆದು ತೋರಿಸಿ, ಪತ್ರದಲ್ಲಿ ಹಾಕಿದರೆ ತಲೆಗೆ ಹತ್ತುವುದಿಲ್ಲ.

ಆಮೇಲೆ ಹೆಸರುಗಳ ವಿಷಯ. ಪದಾರ್ಥಗಳ ಪಟ್ಟಿಯಲ್ಲಿ ಯಾವುದು ತೂಕದಲ್ಲಿ ಜಾಸ್ತಿಯೋ ಅದು ಮೊದಲು ಬರಬೇಕು. ಸಕ್ಕರೆಯನ್ನೇ ಸಕ್ಕರೆ, ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್, ಮಾಲ್ಟ್ ಎಕ್ಸ್‌ಟ್ರಾಕ್ಟ್, ಜೇನು ಅಂತ ನಾಲ್ಕೈದು ಪಾಲು ಮಾಡಿದರೆ ಪ್ರತಿಯೊಂದೂ ಸಣ್ಣದಾಗಿ ಪಟ್ಟಿಯಲ್ಲಿ ಕೆಳಗೆ ಹೋಗುತ್ತದೆ, ಗೋಧಿ ಮೇಲೆ ನಿಲ್ಲುತ್ತದೆ. ಜೇನು, ಬೆಲ್ಲ ಇದ್ದರೆ ಒಳ್ಳೆಯದು ಅಂತ ನಮ್ಮಲ್ಲಿ ತುಂಬಾ ಜನ ನಂಬಿದ್ದಾರೆ, ಈ ಲೆಕ್ಕದಲ್ಲಿ ಅವೂ ಸಕ್ಕರೆಯೇ. ಗಟ್ಟಿ ಮಾಡಿದ ಹಣ್ಣಿನ ರಸವೂ ಹಾಗೆಯೇ. ಇಡೀ ಬಾಳೆಹಣ್ಣು ಮಾತ್ರ ಈ ಲೆಕ್ಕಕ್ಕೆ ಸೇರುವುದಿಲ್ಲ. ಮಾಲ್ಟೋಡೆಕ್ಸ್‌ಟ್ರಿನ್ ಅಂತ ಒಂದಿದೆ, ಅದು ಪಿಷ್ಟದಿಂದ ಮಾಡಿದ್ದು, ಸಕ್ಕರೆಯ ಸಾಲಿನಲ್ಲಿ ಕಾಣುವುದಿಲ್ಲ, ಆದರೆ ಹೊಟ್ಟೆಗೆ ಹೋದ ಮೇಲೆ ಬೇಗ ಗ್ಲೂಕೋಸ್ ಆಗುತ್ತದೆ. ಪತ್ರದಲ್ಲಿ ಇದನ್ನೆಲ್ಲ ಬರೆಯಬೇಡಿ. ಕೇಳಿದವರಿಗೆ ಹೇಳಿ.

"ಹಾಗಾದ್ರೆ ಏನು ಕಟ್ಟಿಕೊಡುವುದು?" ಅಂತ ಖಂಡಿತ ಕೇಳುತ್ತಾರೆ. ಇದ್ದಕ್ಕಿದ್ದಂತೆ ನಿಲ್ಲಿಸಿ ಅಂದರೆ ಮಗು ಬುತ್ತಿ ಮುಟ್ಟದೆ ವಾಪಸು ತರುತ್ತದೆ, ನಾನು ನೋಡಿದ್ದೇನೆ. ನಮ್ಮಲ್ಲಿ ನಡೆದದ್ದು ಹೀಗೆ: ಚಾಕಲೇಟ್ ಸೀರಿಯಲ್ ಅರ್ಧ, ಸಾದಾ ಕಾರ್ನ್‌ಫ್ಲೇಕ್ಸ್ ಅರ್ಧ ಬೆರೆಸುವುದು. ಸಾದಾದಲ್ಲೂ ಸ್ವಲ್ಪ ಸಕ್ಕರೆ ಇದೆ, ಆದರೆ ಚಾಕಲೇಟಿನದ್ದಕ್ಕಿಂತ ಎಷ್ಟೋ ಕಡಿಮೆ. ಎರಡು ವಾರ ಆದ ಮೇಲೆ ಚಾಕಲೇಟಿನ ಪಾಲು ಕಾಲಿಗೆ ಇಳಿಸುವುದು. ಯೋಗರ್ಟ್ ಬದಲಿಗೆ ಮನೆಯ ಮೊಸರಿಗೆ ಒಂದು ಹಣ್ಣಾದ ಕದಳಿ ಬಾಳೆಹಣ್ಣು ಕಿವುಚಿ ಹಾಕುವುದು. ಮೊಸರು ಹಿಂದಿನ ರಾತ್ರಿ ಹೆಪ್ಪು ಹಾಕಿದ್ದೇ ಆಗಿರಲಿ, ನಮ್ಮ ಸೆಖೆಗೆ ಹನ್ನೊಂದು ಗಂಟೆಯ ಹೊತ್ತಿಗೆ ಹುಳಿ ಬಂದರೆ ಮಕ್ಕಳು ತಿನ್ನುವುದಿಲ್ಲ. ಬಾಳೆಹಣ್ಣನ್ನು ಬೇರೆ ಡಬ್ಬಿಯಲ್ಲಿ ಇಟ್ಟು ತಿನ್ನುವಾಗ ಬೆರೆಸಿದರೆ ಕಪ್ಪಾಗುವುದಿಲ್ಲ.

ಇನ್ನೊಂದು. ಪತ್ರವನ್ನು ಕನ್ನಡದಲ್ಲೂ ಮಲಯಾಳದಲ್ಲೂ ಕೊಡಿ. ನಮ್ಮ ಕ್ಲಾಸುಗಳಲ್ಲಿ ಮನೆಮಾತು ತುಳು, ಕೊಂಕಣಿ, ಬ್ಯಾರಿ ಎಲ್ಲ ಇದೆ, ಎಷ್ಟೋ ಅಮ್ಮಂದಿರಿಗೆ ಎರಡರಲ್ಲಿ ಒಂದು ಲಿಪಿ ಮಾತ್ರ ಓದಲು ಬರುತ್ತದೆ. ಕೊನೆಗೆ ಒಂದು ಸಾಲು ಸೇರಿಸಿ: "ನಿಮ್ಮ ಮನೆಯ ಪ್ಯಾಕೆಟ್ಟಿನ ಹಿಂಬದಿಯ ಫೋಟೋ ಕಳಿಸಿದರೆ ಲೆಕ್ಕ ಮಾಡಿ ತಿಳಿಸುತ್ತೇನೆ." ನನಗೆ ಮೊದಲ ವಾರ ಹನ್ನೊಂದು ಫೋಟೋ ಬಂತು. ಅದರಲ್ಲಿ ಒಂದು ಆ ತಕ್ಕಡಿಯ ಅಮ್ಮನದ್ದು, ಪ್ಯಾಕೆಟ್ಟಿನ ಪಕ್ಕದಲ್ಲಿ ಬಟ್ಟಲೂ ಇತ್ತು, ಅದರೊಳಗೆ ಚಾಕಲೇಟಿನದ್ದೂ ಸಾದಾದ್ದೂ ಅರ್ಧರ್ಧ. ಕೆಳಗೆ "ಈಗ ಎಷ್ಟು ಚಮಚ ಆಯ್ತು ಟೀಚರ್?" ಅಂತ ಕೇಳಿದ್ದರು.