ಪದ ಬದಲಾಯಿಸಿದರೂ ಕಾಪಿ ಅಂತಾರೆ, ಯಾಕೆ?

ಪ್ರಶ್ನೆ: ಸಿವಿಲ್ ಎಂ.ಟೆಕ್ ಪ್ರಾಜೆಕ್ಟ್ ರಿಪೋರ್ಟ್ ಬರೀತಿದ್ದೀನಿ. ಕಾಂಕ್ರೀಟ್ ಪುಸ್ತಕದ ಪ್ಯಾರಾಗಳನ್ನ ನನ್ನ ಮಾತಲ್ಲೇ ಬರೆದ್ರೂ ಗೈಡ್ "ಇದು ಕಾಪಿ" ಅಂತಾರೆ. ಪದ ಎಲ್ಲಾ ಬದಲಾಯಿಸಿದ್ದೀನಿ. ಇನ್ನೇನು ಮಾಡ್ಬೇಕು?

ಪುಸ್ತಕ ಎದುರಿಗೆ ತೆರೆದಿಟ್ಟುಕೊಂಡು ಬರೆಯುತ್ತಿದ್ದೀರಿ ಅನ್ನಿಸುತ್ತದೆ. ಹಾಗೆ ಬರೆದರೆ ಪದ ಮಾತ್ರ ಬದಲಾಗುತ್ತದೆ, ವಾಕ್ಯದ ಹಂದರ ಹಾಗೇ ಉಳಿಯುತ್ತದೆ. ಗೈಡ್ ಕಣ್ಣಿಗೆ ಬೀಳುವುದು ಆ ಹಂದರವೇ. ನಿಮ್ಮದೇ ವಿಷಯ ಇಟ್ಟುಕೊಂಡು ನೋಡೋಣ. ಪಠ್ಯಪುಸ್ತಕದ ಧಾಟಿಯಲ್ಲಿ ನಾನೇ ಒಂದು ಪ್ಯಾರಾ ಬರೆದಿದ್ದೇನೆ:

"ನೀರು–ಸಿಮೆಂಟ್ ಅನುಪಾತ ತಗ್ಗಿದಂತೆ ಗಟ್ಟಿಯಾದ ಪೇಸ್ಟಿನಲ್ಲಿ ಕ್ಯಾಪಿಲರಿ ರಂಧ್ರಗಳ ಪ್ರಮಾಣ ಇಳಿಯುವುದರಿಂದ, ಪೂರ್ಣ ಕಂಪ್ಯಾಕ್ಷನ್ ಆದ ಕಾಂಕ್ರೀಟಿನ ಸಾಮರ್ಥ್ಯ ಏರುತ್ತದೆ, ಆದರೆ ವರ್ಕಬಿಲಿಟಿ ಕುಗ್ಗಿ ಕಂಪ್ಯಾಕ್ಷನ್ ಅಪೂರ್ಣವಾದಲ್ಲಿ ಉಳಿಯುವ ಗಾಳಿಗುಳ್ಳೆಗಳು ಈ ಲಾಭವನ್ನು ಅಳಿಸಿಹಾಕಬಹುದು. ಶೇ. 5ರಷ್ಟು ಗುಳ್ಳೆಗಳಿಂದ ಸಾಮರ್ಥ್ಯ ಸುಮಾರು ಶೇ. 30ರಷ್ಟು ಕುಸಿಯಬಲ್ಲದು."

ಮೊದಲು ಇದು ಅರ್ಥವಾಗಬೇಕು. ಇಲ್ಲಿ ಎರಡು ಬಗೆಯ ಖಾಲಿ ಜಾಗ ಇದೆ. ಒಂದು, ಸಿಮೆಂಟಿಗೆ ಬೇಕಾದ್ದಕ್ಕಿಂತ ಜಾಸ್ತಿ ಇದ್ದ ನೀರು ಬಿಟ್ಟುಹೋದ ಸಣ್ಣ ರಂಧ್ರ. ಇನ್ನೊಂದು, ವೈಬ್ರೇಟರ್ ಸರಿಯಾಗಿ ಹಿಡಿಯದೆ ಒಳಗೇ ಸಿಕ್ಕಿಕೊಂಡ ಗಾಳಿ. ನೀರು ಕಡಿಮೆ ಮಾಡಿದರೆ ಮೊದಲನೆಯದು ಕಡಿಮೆಯಾಗುತ್ತದೆ, ಎರಡನೆಯದು ಜಾಸ್ತಿಯಾಗುವ ಅಪಾಯ ಬರುತ್ತದೆ. ಇಡೀ ಪ್ಯಾರಾ ನಿಂತಿರುವುದು ಈ ಎಳೆದಾಟದ ಮೇಲೆ.

ಅರ್ಥವಾಗಿದೆಯೋ ಇಲ್ಲವೋ ತಿಳಿಯಲು ಪ್ಯಾರಾದಲ್ಲಿ ಇಲ್ಲದ ಪ್ರಶ್ನೆಯೊಂದನ್ನು ನೀವೇ ಕೇಳಿಕೊಳ್ಳಿ. 50 ಕೆ.ಜಿ. ಮೂಟೆಗೆ 30 ಲೀಟರ್ ನೀರಿನ ಬದಲು 22.5 ಲೀಟರ್ ಹಾಕಿ, ಜೊತೆಗೆ ಸೂಪರ್‌ಪ್ಲಾಸ್ಟಿಸೈಜರ್ ಸೇರಿಸಿದರೆ? ಅನುಪಾತ 0.6ರಿಂದ 0.45ಕ್ಕೆ ಇಳಿಯುತ್ತದೆ, ಮಿಶ್ರಣ ಬಿರುಸಾಗುವುದಿಲ್ಲ, ಆದ್ದರಿಂದ ಎರಡೂ ಬಗೆಯ ಖಾಲಿ ಜಾಗ ಕಡಿಮೆ. ಈ ಉತ್ತರ ತಾನಾಗಿ ಹೊಳೆದರೆ ಮುಂದೆ ಹೋಗಿ. ಹೊಳೆಯದಿದ್ದರೆ ಮತ್ತೆ ಓದಿ. ಈಗಲೇ ಬರೆಯಲು ಕೂತರೆ ಸುಮ್ನೆ ಪದ ಬದಲಾಯಿಸುವ ಕೆಲಸಕ್ಕೇ ಇಳಿಯುತ್ತೀರಿ.

ಇನ್ನು ಪುಸ್ತಕ ಮುಚ್ಚಿಟ್ಟು ನೆನಪಿನಿಂದ ಬರೆಯಬೇಕು. ಮುಚ್ಚುವ ಮೊದಲು ಒಂದು ಚೀಟಿಯಲ್ಲಿ ಅಂಕಿಗಳನ್ನು ಮಾತ್ರ ಬರೆದುಕೊಳ್ಳಿ: 5, 30. ಅಂಕಿ ವಿಷಯದಲ್ಲಿ ನೆನಪನ್ನು ನಂಬಬಾರದು. ವಾಕ್ಯದ ತುಣುಕು ಒಂದೂ ಬೇಡ. ಆಮೇಲೆ ಎದ್ದು ಹೋಗಿ ಕಾಫಿ ಕುಡಿದು ಬನ್ನಿ. ಓದಿದ ಕೂಡಲೇ ಬರೆದರೆ ಪುಸ್ತಕದ ವಾಕ್ಯ ಇನ್ನೂ ಕಿವಿಯಲ್ಲೇ ಇರುತ್ತದೆ. ಹೀಗೆ ನೆನಪಿನಿಂದ ಬರೆದದ್ದು ಸಾಮಾನ್ಯವಾಗಿ ಈ ತರ ಇರುತ್ತದೆ:

"ನೀರು ಕಡಿಮೆ ಹಾಕಿದಷ್ಟೂ ಕಾಂಕ್ರೀಟ್ ಬಲವಾಗುತ್ತದೆ. ಆದರೆ ಬಿರುಸಾದ ಮಿಶ್ರಣವನ್ನು ವೈಬ್ರೇಟ್ ಮಾಡುವುದು ಕಷ್ಟ, ಗಾಳಿ ಉಳಿಯುತ್ತದೆ. ಶೇ. 5 ಗಾಳಿ ಉಳಿದರೆ ಶೇ. 30 ಬಲ ಹೋಗುತ್ತದೆ. ಅದಕ್ಕೇ ಸೂಪರ್‌ಪ್ಲಾಸ್ಟಿಸೈಜರ್ ಬಳಸುತ್ತಾರೆ."

ಓದಲು ಚೆನ್ನಾಗಿದೆ, ಅಲ್ವಾ? ಈಗ ಪುಸ್ತಕ ತೆರೆದು ತಾಳೆ ನೋಡಿ. ಮೊದಲ ಸಲ ಅರ್ಥ ಮಾತ್ರ ನೋಡಿ, ಪದ ಬೇಡ. "ನೀರು ಕಡಿಮೆ" ಅಂದಿದ್ದೀರಿ, ಮೂಲದಲ್ಲಿ ಇರುವುದು ಅನುಪಾತ. ನೀರು ಅಷ್ಟೇ ಇಟ್ಟು ಸಿಮೆಂಟ್ ಜಾಸ್ತಿ ಮಾಡಿದರೂ ಅನುಪಾತ ಇಳಿಯುತ್ತದೆ. "ಪೂರ್ಣ ಕಂಪ್ಯಾಕ್ಷನ್ ಆದ" ಎಂಬ ಷರತ್ತು ಮಾಯವಾಗಿದೆ. "ಸುಮಾರು", "ಬಲ್ಲದು" ಎರಡೂ ಬಿದ್ದುಹೋಗಿ ಅಂದಾಜು ಖಚಿತ ಲೆಕ್ಕವಾಗಿದೆ. ನೆನಪು ಮುಖ್ಯ ಮಾತನ್ನು ಉಳಿಸಿಕೊಂಡು ಷರತ್ತನ್ನು ಮೊದಲು ಬಿಡುತ್ತದೆ, ಹಾಗಾಗಿ ಹುಡುಕಬೇಕಾದ್ದು ಅಲ್ಲೇ. ಇನ್ನು ಸೂಪರ್‌ಪ್ಲಾಸ್ಟಿಸೈಜರ್ ಮಾತು ನಿಜವೇ, ಆದರೆ ಈ ಪ್ಯಾರಾದಲ್ಲಿ ಇಲ್ಲ. ನೀವು ಓದುವಾಗ ಯೋಚಿಸಿದ್ದು ನುಸುಳಿದೆ. ಅದನ್ನು ತೆಗೆಯಿರಿ, ಇಲ್ಲವೇ ಅದಕ್ಕೆ ಬೇರೆ ಆಕರ ಕೊಡಿ.

ತಿದ್ದಿದ ಮೇಲೆ ಹೀಗಾಗಬಹುದು:

"ಕಾಂಕ್ರೀಟಿನ ಸಾಮರ್ಥ್ಯವನ್ನು ಎರಡು ಬಗೆಯ ಖಾಲಿ ಜಾಗ ತಗ್ಗಿಸುತ್ತದೆ. ನೀರು–ಸಿಮೆಂಟ್ ಅನುಪಾತ ಕಡಿಮೆಯಿದ್ದರೆ ಕ್ಯಾಪಿಲರಿ ರಂಧ್ರಗಳು ಕಡಿಮೆ. ಆದರೆ ಅಂಥ ಮಿಶ್ರಣ ಬಿರುಸಾಗಿ, ಪೂರ್ತಿ ಕಂಪ್ಯಾಕ್ಟ್ ಆಗದೆ ಗಾಳಿ ಉಳಿದರೆ ಗಳಿಸಿದ್ದು ಕೈತಪ್ಪಬಹುದು. ಶೇ. 5ರಷ್ಟು ಗಾಳಿಯೇ ಸುಮಾರು ಶೇ. 30 ಸಾಮರ್ಥ್ಯ ಕಳೆಯಬಲ್ಲದು."

ಎರಡನೇ ಸಲ ಪದ ನೋಡಿ. ಪಾರಿಭಾಷಿಕ ಪದಗಳು ಹಾಗೇ ಇರಲಿ. ಕ್ಯಾಪಿಲರಿ ರಂಧ್ರವನ್ನು "ಕೂದಲೆಳೆ ತೂತು" ಮಾಡಿದರೆ ಗೈಡ್ ನಗುತ್ತಾರೆ ಅಷ್ಟೇ. ಅವು ಬಿಟ್ಟು ನಾಲ್ಕೈದು ಪದ ಸಾಲಾಗಿ ಮೂಲದಂತೆಯೇ ಬಂದಿದ್ದರೆ, ಪುಸ್ತಕ ಮತ್ತೆ ಮುಚ್ಚಿ ಆ ವಾಕ್ಯವನ್ನು ಹೊಸದಾಗಿ ಬರೆಯಿರಿ. ಪ್ಯಾರಾದ ಕೊನೆಗೆ ಆಕರದ ಹೆಸರು ಹಾಕಲೇಬೇಕು. ಮಾತು ನಿಮ್ಮದಾದರೂ ವಿಷಯ ಅವರದು.

ಐಎಸ್ 456ರಂಥ ಕೋಡಿನ ಮಾತಿಗೆ ಮಾತ್ರ ಈ ವಿಧಾನ ಬೇಡ. ಮಾಡರೇಟ್ ವಾತಾವರಣದ ಆರ್‌ಸಿಸಿಗೆ ಅನುಪಾತ ಗರಿಷ್ಠ 0.50 ಎಂದು 2000ದ ಆವೃತ್ತಿ ಹೇಳುತ್ತದೆ. ಅಲ್ಲಿ "ಗರಿಷ್ಠ" ಎಂಬ ಒಂದು ಪದ ಬಿಟ್ಟರೂ ನಿಯಮವೇ ಬದಲಾಗುತ್ತದೆ. ಅಂಥದ್ದನ್ನು ಉದ್ಧರಣ ಚಿಹ್ನೆ ಹಾಕಿ ಇದ್ದ ಹಾಗೇ ಕೊಡಿ.