ಹೆಚ್ಚುವರಿ ಕಟ್ಟಿದರೂ ಬಡ್ಡಿ ಇಳಿಯದ ಕಂತಿನ ಪಟ್ಟಿ

“PMT, IPMT, PPMT ಮೂರನ್ನೂ ಹಾಕಿ ಹನ್ನೆರಡು ಕಂತಿನ ಪಟ್ಟಿ ಮಾಡಿದ್ದೇನೆ. ಸಾಲ 1,00,000, ಬಡ್ಡಿ ವರ್ಷಕ್ಕೆ 12%. ನಾಲ್ಕನೇ ಕಂತಿನ ಜೊತೆ 20,000 ಹೆಚ್ಚಿಗೆ ಕಟ್ಟಿದ್ದನ್ನು ಸೇರಿಸಿದರೂ ಬಡ್ಡಿ ಕಮ್ಮಿ ಆಗ್ತಿಲ್ಲ, ಕೊನೆಗೆ ಬಾಕಿ ಮೈನಸ್ ತೋರಿಸ್ತಿದೆ. ಎಲ್ಲಿ ತಪ್ಪಾಗಿದೆ?”

ನೀವು ಸೂತ್ರಗಳನ್ನು ತಪ್ಪಾಗಿ ಬರೆದಿಲ್ಲ. IPMT ನಿಮ್ಮ ಬಾಕಿಯ ಕಾಲಂ ಅನ್ನು ನೋಡುವುದೇ ಇಲ್ಲ, ತೊಡಕು ಇರುವುದು ಅಲ್ಲಿ. ನೀವು ಅದಕ್ಕೆ ಕೊಟ್ಟಿರುವುದು ತಿಂಗಳ ದರ, ಎಷ್ಟನೇ ಕಂತು, ಒಟ್ಟು ಎಷ್ಟು ಕಂತು, ಮೊದಲು ಪಡೆದ ಸಾಲ ಎಷ್ಟು ಎಂಬ ನಾಲ್ಕೇ ಸಂಗತಿಗಳನ್ನು. ಒಂದು ಕಂತೂ ತಪ್ಪದೆ, ಒಂದು ಪೈಸೆಯೂ ಹೆಚ್ಚಿಗೆ ಕಟ್ಟದೆ ನಡೆದಿದ್ದರೆ ಆ ತಿಂಗಳ ಬಡ್ಡಿ ಎಷ್ಟಿರುತ್ತಿತ್ತು ಎಂಬುದನ್ನು ಅದು ಈ ನಾಲ್ಕರಿಂದಲೇ ಲೆಕ್ಕ ಹಾಕಿ ಹೇಳುತ್ತದೆ. ಹೀಗಾಗಿ 20,000 ಕಟ್ಟಿದ ಮೇಲೆ ಬಾಕಿ ಸುಮಾರು 47,984ಕ್ಕೆ ಇಳಿದು, ಐದನೇ ತಿಂಗಳ ಬಡ್ಡಿ 479.84 ಆಗಬೇಕಿದ್ದರೂ, ನಿಮ್ಮ ಹಾಳೆ ಹಳೆಯ 679.84 ಅನ್ನೇ ತೋರಿಸುತ್ತಿದೆ. PPMT ಕಥೆಯೂ ಇದೇ. ಹನ್ನೆರಡು ಕಂತುಗಳ ಅಸಲನ್ನು ಕೂಡಿದರೆ ಅದು ಯಾವಾಗಲೂ 1,00,000 ಆಗಿಯೇ ತೀರುತ್ತದೆ, ಅದರ ಮೇಲೆ ನಿಮ್ಮ 20,000 ಬೇರೆ ಕಳೆದಿದೆ. ಕೊನೆಯ ಸಾಲಿನಲ್ಲಿ ಸರಿಯಾಗಿ -20,000 ಬಂದಿದ್ದರೆ ಕಾರಣ ಇದೇ ಎಂದು ಧೈರ್ಯವಾಗಿ ಹೇಳಬಹುದು. ನಾನೂ ನನ್ನ ಸಾಲದ ಲೆಕ್ಕವನ್ನು ಒಂದು ವರ್ಷ ಹೀಗೆಯೇ ಇಟ್ಟುಕೊಂಡು, ಸಾಲ ಕೊಟ್ಟವರ ಪಟ್ಟಿಯೇ ತಪ್ಪು ಎಂದು ವಾದಿಸಿ, ಕೊನೆಗೆ ನಾನೇ ಪೆಚ್ಚಾಗಿದ್ದೆ.

ಪರಿಹಾರ ಸರಳವಾಗಿದೆ. ಕಂತಿನ ಮೊತ್ತಕ್ಕೆ ಮಾತ್ರ PMT ಇಟ್ಟುಕೊಂಡು, ಬಡ್ಡಿಯನ್ನು ಆಯಾ ಸಾಲಿನ ಆರಂಭದ ಬಾಕಿಯಿಂದ ತೆಗೆಯಬೇಕು, ಅಸಲನ್ನು ಕಳೆದು ಪಡೆಯಬೇಕು. B1ರಲ್ಲಿ ಸಾಲ, B2ರಲ್ಲಿ ವಾರ್ಷಿಕ ದರ, B3ರಲ್ಲಿ ಕಂತುಗಳ ಸಂಖ್ಯೆ ಇರಲಿ. B4ರಲ್ಲಿ ಹೀಗೆ ಬರೆಯಿರಿ:

```
=ROUND(PMT(B2/12,B3,-B1),2)
```

ಇದು 8,884.88 ತೋರಿಸಬೇಕು. 1,00,024.42 ಬಂದರೆ ನೀವು ದರವನ್ನು 12% ಎಂದು ಬರೆಯದೆ ಬರೀ 12 ಎಂದು ಬರೆದಿದ್ದೀರಿ ಎಂದರ್ಥ, ಆಗ ಹಾಳೆ ಅದನ್ನು ತಿಂಗಳಿಗೆ ನೂರಕ್ಕೆ ನೂರು ಬಡ್ಡಿ ಎಂದು ತಿಳಿಯುತ್ತದೆ.

ಪಟ್ಟಿ ಏಳನೇ ಸಾಲಿನಿಂದ ಆರಂಭವಾಗಲಿ. A ಕಾಲಂನಲ್ಲಿ ಕಂತಿನ ಸಂಖ್ಯೆ, Bಯಲ್ಲಿ ಆರಂಭದ ಬಾಕಿ, Cಯಲ್ಲಿ ಕಂತು, Dಯಲ್ಲಿ ಬಡ್ಡಿ, Eಯಲ್ಲಿ ಅಸಲು ಇರಲಿ. F ಕಾಲಂ ಅನ್ನು ಹೆಚ್ಚುವರಿ ಪಾವತಿಗೆ ಖಾಲಿ ಬಿಡಿ, Gಯಲ್ಲಿ ಉಳಿದ ಬಾಕಿ ಬರುತ್ತದೆ.

```
A7: 1
B7: =B1
D7: =ROUND(B7*$B$2/12,2)
C7: =IF(A7=$B$3,B7+D7,MIN($B$4,B7+D7))
E7: =C7-D7
G7: =ROUND(B7-E7-F7,2)
A8: =A7+1
B8: =G7
```

ಎಂಟನೇ ಸಾಲಿನಲ್ಲಿ A, B ಮಾತ್ರ ಬೇರೆ, ಉಳಿದವನ್ನು ಏಳನೆಯದರಿಂದ ಎಳೆದುಕೊಂಡು, ಆಮೇಲೆ ಎಂಟನೇ ಸಾಲನ್ನೇ ಕೆಳಗಿನವರೆಗೂ ಎಳೆಯಿರಿ. ಡಾಲರ್ ಗುರುತು ಮರೆತರೆ ಎಳೆದಂತೆಲ್ಲ ದರದ ಸೆಲ್ ಕೆಳಕ್ಕೆ ಜಾರುತ್ತದೆ.

C ಕಾಲಂನ ಸೂತ್ರ ಸ್ವಲ್ಪ ಉದ್ದವಾಗಿರುವುದಕ್ಕೆ ಕಾರಣವಿದೆ. ಕಟ್ಟುವ ಕಂತು ಎರಡು ದಶಾಂಶಕ್ಕೆ ಸರಿಮಾಡಿದ ಮೊತ್ತ, ಬಡ್ಡಿಯನ್ನೂ ತಿಂಗಳು ತಿಂಗಳು ಹಾಗೆಯೇ ಸರಿಮಾಡುತ್ತೇವೆ. ಆ ಚಿಲ್ಲರೆಯೆಲ್ಲ ಸೇರಿ ಕೊನೆಯ ಕಂತಿನ ಮೇಲೆ ಬಂದು ಕೂರುತ್ತದೆ. ನಿಮ್ಮ ಸಾಲದಲ್ಲೇ ಹೆಚ್ಚುವರಿ ಏನೂ ಕಟ್ಟದಿದ್ದರೆ ಹನ್ನೆರಡನೇ ಕಂತು 8,884.88 ಆಗದೆ 8,884.85 ಆಗುತ್ತದೆ, ಒಟ್ಟು ಬಡ್ಡಿ 6,618.53. ROUND ಇಲ್ಲದೆ ಮಾಡಿದರೆ ಒಟ್ಟು ಬಡ್ಡಿ 6,618.55 ಬರುತ್ತದೆ. ಈ ಎರಡು ಪೈಸೆಯ ಅಂತರ ದೋಷವಲ್ಲ.

ಈಗ ನಾಲ್ಕನೇ ಕಂತಿನ ಸಾಲಿನಲ್ಲಿ, ಅಂದರೆ F10ರಲ್ಲಿ, 20000 ಎಂದು ಬರೆದು ನೋಡಿ. ಆ ತಿಂಗಳ ಕೊನೆಯ ಬಾಕಿ 67,984.22 ಇದ್ದದ್ದು 47,984.22 ಆಗುತ್ತದೆ. ಐದನೇ ಕಂತಿನಲ್ಲಿ ಬಡ್ಡಿ 479.84, ಅಸಲು 8,405.04. ಕಂತು ಅಷ್ಟೇ ಇದ್ದು ಅಸಲಿನ ಪಾಲು ಹಿಗ್ಗುವುದರಿಂದ ಒಂಬತ್ತನೇ ಕಂತಿನ ನಂತರ 5,110.07 ಮಾತ್ರ ಉಳಿಯುತ್ತದೆ, ಹತ್ತನೇ ತಿಂಗಳು 5,161.17 ಕಟ್ಟಿದರೆ ಸಾಲ ತೀರಿತು. ಒಟ್ಟು ಬಡ್ಡಿ 5,125.09, ಅಂದರೆ 1,493.44 ಉಳಿಯಿತು. MIN ಇಲ್ಲದಿದ್ದರೆ ಹತ್ತನೇ ತಿಂಗಳೂ ಪೂರ್ತಿ ಕಂತು ಕಳೆದು ಬಾಕಿ ಮತ್ತೆ ಮೈನಸ್ ಆಗುತ್ತಿತ್ತು.

ಸಾಲ ಕೊಟ್ಟವರು ಅವಧಿಯನ್ನು ಹಾಗೆಯೇ ಇಟ್ಟು ಕಂತನ್ನೇ ಇಳಿಸುವುದೂ ಉಂಟು. ಆಗ ಉಳಿದ ಎಂಟು ತಿಂಗಳಿಗೆ ಹೊಸದಾಗಿ PMT ಹಾಕಬೇಕು:

```
=ROUND(PMT($B$2/12,8,-47984.22),2)
```

ಹೊಸ ಕಂತು 6,271.07 ಬರುತ್ತದೆ. ಇದನ್ನು B5ರಲ್ಲಿಟ್ಟು, ಐದನೇ ಕಂತಿನಿಂದ ಮುಂದೆ C ಕಾಲಂನಲ್ಲಿ $B$4 ಬದಲು $B$5 ಎಂದು ತಿದ್ದಿ. ಇವೆರಡರಲ್ಲಿ ನಿಮ್ಮದು ಯಾವುದು ಎಂಬುದು ಒಪ್ಪಂದದಲ್ಲಿ ಇರುತ್ತದೆ, ಹಾಳೆಯಿಂದ ತಿಳಿಯುವುದಿಲ್ಲ.

ಮೇಲೆ ಬಂದ ಉತ್ತರಗಳ ಬಗ್ಗೆಯೂ ಒಂದೆರಡು ಮಾತು. ಮೈನಸ್ ಕಂಡೊಡನೆ ABS ಹಾಕಿ ಎಂದ ಸರ್ ಹೇಳಿದ್ದು ಅರ್ಧ ಸರಿ. PMT ತನ್ನಷ್ಟಕ್ಕೆ ಮೈನಸ್ ಕೊಡುವುದು ಹಣ ಕೈಬಿಟ್ಟು ಹೋಗುತ್ತದೆ ಎಂಬ ಸೂಚನೆಗಾಗಿ, ಅದನ್ನು ABS ಮುಚ್ಚುತ್ತದೆ. ಆದರೆ ಇಲ್ಲಿ ಕೇಳಿದ್ದು ಬಾಕಿಯ ಮೈನಸ್ ಬಗ್ಗೆ. ಅದಕ್ಕೂ ABS ಹಾಕಿದರೆ ತೀರಿ ಹೋದ ಸಾಲ ಮತ್ತೆ ಬೆಳೆಯುತ್ತಿರುವಂತೆ ಕಾಣುತ್ತದೆ, ತಪ್ಪು ಪತ್ತೆಯಾಗುವ ದಾರಿಯೇ ಮುಚ್ಚಿಹೋಗುತ್ತದೆ. PMTಯ ಕೊನೆಯ, ಅಂದರೆ ಐದನೇ, ಜಾಗದಲ್ಲಿ 1 ಸೇರಿಸಿ ಎಂದವರು ಬಹುಶಃ ಪ್ರಶ್ನೆಯನ್ನು ಬೇರೆಯಾಗಿ ಓದಿದ್ದಾರೆ. ಅದು ಕಂತನ್ನು ತಿಂಗಳ ಆರಂಭದಲ್ಲೇ ಕಟ್ಟುವ ಸಾಲಕ್ಕೆ. ಹಾಕಿದರೆ ಕಂತು 8,796.91ಕ್ಕೆ ಇಳಿಯುತ್ತದೆ, ನಿಮ್ಮ ತೊಡಕು ಹಾಗೇ ಉಳಿಯುತ್ತದೆ.

ತಮ್ಮ ಸಾಲದ ಮೊದಲ ತಿಂಗಳ ಬಡ್ಡಿ ಹೀಗೆ ಲೆಕ್ಕ ಹಾಕಿದರೂ ಹೊಂದುವುದಿಲ್ಲ ಎಂದ ಅಕ್ಕನವರ ಪ್ರಕರಣ ಬೇರೆಯೇ. ಅಲ್ಲಿ ಬಡ್ಡಿ ದಿನದ ಲೆಕ್ಕದಲ್ಲಿ ಬೀಳುತ್ತಿರಬಹುದು. ಹಾಗಿದ್ದರೆ ಇದೇ ಸಾಲಕ್ಕೆ 31 ದಿನದ ತಿಂಗಳಿಗೆ 365ರಿಂದ ಭಾಗಿಸಿದರೆ 1,019.18, 360ರಿಂದ ಭಾಗಿಸಿದರೆ 1,033.33 ಬರುತ್ತದೆ, ನಮ್ಮ ಹಾಳೆಯಲ್ಲಿ 1,000.00. ಅಕ್ಕ, ಸಾಲ ಕೊಟ್ಟವರ ಪಟ್ಟಿಯಲ್ಲಿನ ಒಂದು ತಿಂಗಳ ಬಡ್ಡಿಯನ್ನು ಹೀಗೆ ಮೂರು ಬಗೆಯಲ್ಲಿ ಲೆಕ್ಕ ಹಾಕಿ ನೋಡಿದರೆ ಯಾವುದು ಹೊಂದುತ್ತದೆ ಎಂದು ತಿಳಿಯುತ್ತದೆ. 365 ಹೊಂದಿದರೆ ದಿನಾಂಕದ ಕಾಲಂ ಒಂದನ್ನು ಸೇರಿಸಿ, ಬಡ್ಡಿಯ ಸೂತ್ರದಲ್ಲಿ 12ರಿಂದ ಭಾಗಿಸುವ ಬದಲು ಎರಡು ದಿನಾಂಕಗಳ ವ್ಯತ್ಯಾಸದಿಂದ ಗುಣಿಸಿ 365ರಿಂದ ಭಾಗಿಸಿ. ಮೊದಲ ಕಂತಿನವರೆಗೆ ಒಂದು ತಿಂಗಳಿಗಿಂತ ಹೆಚ್ಚು ದಿನ ಕಳೆದಿದ್ದರೆ ಇದೂ ಹೊಂದದಿರಬಹುದು, ಆದ್ದರಿಂದ ಸಾಲ ಕೈಗೆ ಬಂದ ದಿನಾಂಕ ಮತ್ತು ಮೊದಲ ಎರಡು ಕಂತುಗಳ ದಿನಾಂಕಗಳನ್ನು ಇಲ್ಲಿ ಹಾಕಿ.

ಪ್ರಶ್ನೆ ಕೇಳಿದವರೂ ಒಂದು ವಿಷಯ ತಿಳಿಸಬೇಕು. ಈ ಹಾಳೆ 20,000 ಅನ್ನು ನಾಲ್ಕನೇ ಕಂತಿನ ದಿನವೇ ಕಟ್ಟಿದ್ದೀರಿ ಎಂದು ಭಾವಿಸುತ್ತದೆ. ಕಂತಿನ ಜೊತೆ ಎಂದರೆ ಅದೇ ದಿನವೇ, ಅಥವಾ ಕೆಲವು ದಿನ ಬಿಟ್ಟೇ? ತಡವಾಗಿ ಕಟ್ಟಿದ್ದರೆ ಐದನೇ ತಿಂಗಳ ಬಡ್ಡಿ 479.84 ಮತ್ತು 679.84ರ ನಡುವೆ ಎಲ್ಲೋ ಇರುತ್ತದೆ, ಅಥವಾ ಆ ಮೊತ್ತವನ್ನು ಮುಂದಿನ ಕಂತಿನ ದಿನವೇ ಜಮಾ ಮಾಡುವ ಪದ್ಧತಿ ಇದ್ದರೆ ಆ ತಿಂಗಳು 679.84 ಹಾಗೆಯೇ ಇರುತ್ತದೆ. ಆಗ 20000 ಅನ್ನು F10ರ ಬದಲು F11ರಲ್ಲಿ ಬರೆಯಿರಿ.