ಬಸುರಿಯ ಕೊಲೆಸ್ಟ್ರಾಲ್‌ಗೆ ಅಮ್ಮನ ಮಾತ್ರೆ ಯಾಕೆ?

ಪ್ರಶ್ನೆ: ನಾನು ಏಳು ತಿಂಗಳ ಗರ್ಭಿಣಿ, ಊರು ಶಿಡ್ಲಘಟ್ಟ. ಕೊಲೆಸ್ಟ್ರಾಲ್ 270 ಬಂದಿದೆ. ಮುಟ್ಟು ನಿಂತ ಮೇಲೆ ಅಮ್ಮನಿಗೂ ಜಾಸ್ತಿಯಾಗಿ ಅಟೋರ್ವಾಸ್ಟಾಟಿನ್ ಕೊಟ್ಟಿದ್ದಾರೆ. ಅದನ್ನೇ ನಾನೂ ತಗೋಬಹುದಾ? ಇಲ್ಲಾಂದ್ರೆ ಯಾವ ಮಾತ್ರೆ ಸೇಫ್?

ಅಮ್ಮನ ಮಾತ್ರೆ ಮುಟ್ಟಬೇಡಿ. ಬೇರೆ ಮಾತ್ರೆಯನ್ನೂ ಹುಡುಕಬೇಡಿ. ಏಳನೇ ತಿಂಗಳಲ್ಲಿ ಈ ಟೆಸ್ಟ್ ಯಾರು ಮಾಡಿಸಿದ್ದು, ಯಾಕೆ ಮಾಡಿಸಿದ್ದು? ಮೊದಲು ಕೇಳಬೇಕಾದ್ದು ಅದು.

ನನ್ನ ಬಸುರಲ್ಲೂ ಹೀಗೇ ಆಗಿತ್ತು. ಬಾಣಂತನಕ್ಕೆ ಅಂತ ಚಿಂತಾಮಣಿಯ ತವರಿಗೆ ಬಂದಿದ್ದೆ. ಅಮ್ಮನ ರಕ್ತ ತಗೊಳ್ಳೋಕೆ ಲ್ಯಾಬಿನ ಹುಡುಗ ಮನೆಗೆ ಬಂದಿದ್ದ. ಇಬ್ಬರಿಗಾದರೆ ಪ್ಯಾಕೇಜ್ ರೇಟು ಕಡಿಮೆ ಅಂದ, ನಾನೂ ಕೈ ಚಾಚಿದೆ. ಅಮ್ಮನದು 262, ನನ್ನದು 268. ಎರಡರಲ್ಲೂ ದಪ್ಪ ಅಕ್ಷರ, ಪಕ್ಕದಲ್ಲಿ 200ರ ಒಳಗಿರಬೇಕು ಅಂತ. ಆ 200 ಬಸುರಿಯರ ಲೆಕ್ಕ ಅಲ್ಲ ಅನ್ನೋದು ಮಾತ್ರ ಕಾಗದದಲ್ಲಿ ಎಲ್ಲೂ ಇರಲಿಲ್ಲ.

ಅವತ್ತಿಂದ ಮನೆಯಲ್ಲಿ ನನಗೆ ಪಥ್ಯ. ತುಪ್ಪ ಇಲ್ಲ, ಹಾಲು ಇಲ್ಲ, ಮೊಟ್ಟೆ ಇಲ್ಲ, ಕಡಲೆಕಾಯಿ ಇಲ್ಲ. ಮುದ್ದೆ, ಮೇಲೆ ಬಸ್ಸಾರಿನ ತಿಳಿ. ಉಪಕಾರ ಮಾಡ್ತಿದ್ದೀವಿ ಅಂತಲೇ ಎಲ್ಲರೂ ಅಂದುಕೊಂಡಿದ್ದೆವು. ಮುಂದಿನ ತಪಾಸಣೆಯಲ್ಲಿ ನರ್ಸ್ ತಾಯಿ ಕಾರ್ಡ್ ತೆಗೆದು ತೂಕ ಬರೆಯೋಕೆ ಹೋದವರು ಪೆನ್ನು ನಿಲ್ಲಿಸಿದರು. ಹಿಂದಿನ ಸಾಲಲ್ಲಿ 57, ಈ ಸಾಲಲ್ಲೂ 57. ಮಗು ಬೆಳೆಯೋ ತಿಂಗಳಲ್ಲಿ ತಾಯಿ ತೂಕ ಒಂದೇ ಕಡೆ ನಿಂತುಬಿಟ್ಟಿತ್ತು. ಮಗುವಿನ ಬೆಳವಣಿಗೆ ನೋಡೋಕೆ ಮತ್ತೆ ಸ್ಕ್ಯಾನ್, ಕಬ್ಬಿಣದ ಮಾತ್ರೆ ಜಾಸ್ತಿ, ಡಾಕ್ಟರ್ ಹತ್ತಿರ ಬೈಗುಳ ಬೇರೆ.

ಅವರು ಹೇಳಿದ್ದು ಇಷ್ಟು. ಬಸುರಿನ ಹಾರ್ಮೋನುಗಳೇ ಲಿವರ್‌ನಿಂದ ಕೊಬ್ಬು ಜಾಸ್ತಿ ಮಾಡಿಸುತ್ತವೆ. ಮಾಸು ಹಾರ್ಮೋನ್ ತಯಾರಿಸೋದು ಕೊಲೆಸ್ಟ್ರಾಲ್‌ನಿಂದಲೇ, ಮಗುವಿಗೂ ಅದು ಬೇಕು. ಹಾಗಾಗಿ ಕೊನೆ ತಿಂಗಳುಗಳಲ್ಲಿ ಒಟ್ಟು ಕೊಲೆಸ್ಟ್ರಾಲ್ ಕಾಲು ಭಾಗದಿಂದ ಅರ್ಧದಷ್ಟು ಏರುತ್ತದೆ, ರಕ್ತದಲ್ಲಿರೋ ಇನ್ನೊಂದು ಬಗೆ ಕೊಬ್ಬು ಟ್ರೈಗ್ಲಿಸರೈಡ್ ಎರಡು ಮೂರು ಪಟ್ಟು ಆಗಬಹುದು. ಹೆರಿಗೆಯಾದ ಮೇಲೆ ತಾನೇ ಇಳಿಯುತ್ತದೆ. ನನ್ನದು ಮೂರು ತಿಂಗಳ ಬಾಣಂತಿಯಾಗಿದ್ದಾಗ 178 ಇತ್ತು, ಮಾತ್ರೆ ಇಲ್ಲದೆ.

ಆದರೆ ಎರಡು ಕಡೆ ಸುಮ್ನೆ ಕೂರಬಾರದು. ನಿಮ್ಮ ರಿಪೋರ್ಟಿನಲ್ಲಿ ಟ್ರೈಗ್ಲಿಸರೈಡ್ ಸಾಲು ನೋಡಿ. 500 ದಾಟಿದ್ದರೆ ಡಾಕ್ಟರ್ ಕಣ್ಣಿಡಬೇಕು. 1000 ದಾಟಿದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಭಯ. ಮೇಲ್ಹೊಟ್ಟೆ ನೋವು ಬೆನ್ನಿಗೆ ಹೊಡೆದು ವಾಂತಿಯಾದರೆ ಗ್ಯಾಸ್ ಅಂತ ಓಮದ ನೀರು ಕುಡಿದು ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಇನ್ನೊಂದು, ಬಸುರಿಗೆ ಮುಂಚೆಯೇ ಕೆಟ್ಟ ಕೊಲೆಸ್ಟ್ರಾಲ್ ಅನ್ನೋ ಎಲ್‌ಡಿಎಲ್ 190ಕ್ಕಿಂತ ಮೇಲಿದ್ದು, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆಗಿದ್ದರೆ ಅದು ವಂಶದ ಕಾಯಿಲೆ ಇರಬಹುದು. ಅಂಥವರಿಗೂ ಸಾಮಾನ್ಯವಾಗಿ ಅಟೋರ್ವಾಸ್ಟಾಟಿನ್‌ನಂಥ ಸ್ಟಾಟಿನ್ ಮಾತ್ರೆ ನಿಲ್ಲಿಸುತ್ತಾರೆ, ಹಾಲುಣಿಸುವಾಗಲೂ ಕೊಡೋದಿಲ್ಲ. ಕೊಲೆಸ್ಟ್ರಾಲ್ ಇಳಿಸೋ ಬೇರೆ ಮಾತ್ರೆಗಳಾದ ಎಜೆಟಿಮೈಬ್, ನಿಯಾಸಿನ್ ಕೂಡ ಬೇಡ ಅನ್ನುತ್ತಾರೆ. ಅಗತ್ಯ ಬಿದ್ದರೆ ಕೊಲೆಸ್ಟೈರಮಿನ್ ಪುಡಿ ಇದೆ. ಅದು ರಕ್ತಕ್ಕೆ ಸೇರದೆ ಕರುಳಲ್ಲೇ ಉಳಿಯುತ್ತದೆ. ಮಲಬದ್ಧತೆ ಗ್ಯಾರಂಟಿ, ವಿಟಮಿನ್ ಹೀರೋದಕ್ಕೂ ಅಡ್ಡ ಬರುತ್ತದೆ.

ಗೊತ್ತಿಲ್ಲದೆ ಅಮ್ಮನ ಮಾತ್ರೆ ಒಂದೆರಡು ನುಂಗಿಬಿಟ್ಟಿದ್ದರೆ ನಿಲ್ಲಿಸಿ, ಡಾಕ್ಟರಿಗೆ ಹೇಳಿ. ಹೆದರಬೇಡಿ. ಅಮೆರಿಕದ ಎಫ್‌ಡಿಎ ಕೂಡ 2021ರಲ್ಲಿ ಸ್ಟಾಟಿನ್ ಮೇಲಿನ ಅತಿ ಕಠಿಣ ಎಚ್ಚರಿಕೆಯನ್ನು ತೆಗೆಯಿರಿ ಅಂತ ಹೇಳಿದೆ. ಆದರೂ ಹೆಚ್ಚಿನ ಬಸುರಿಯರು ನಿಲ್ಲಿಸಬೇಕು ಅನ್ನೋ ಮಾತು ಹಾಗೇ ಇದೆ.

ನಮ್ಮ ಮನೆಯಲ್ಲಿ ಜಾಸ್ತಿ ನಷ್ಟ ಆಗಿದ್ದು ಅಮ್ಮನಿಗೆ. ನನಗೆ ಆ ಮಾತ್ರೆ ಕೂಡದು ಅಂದಿದ್ದನ್ನು ಕೇಳಿ, "ಮಗಳಿಗೆ ಆಗದ್ದು ನನಗೂ ಬೇಡ" ಅಂತ ತನ್ನ ಅಟೋರ್ವಾಸ್ಟಾಟಿನ್ ಸ್ಟ್ರಿಪ್ಪನ್ನು ಎಸೆದರು. ಬದಲಿಗೆ ಪಕ್ಕದ ಮನೆಯವರು ಹೇಳಿದ ಹಾರ್ಮೋನ್ ಮಾತ್ರೆ ಕೇಳೋಕೆ ಶುರು ಮಾಡಿದರು. ಅಮ್ಮನ 262 ನನ್ನದರ ಹಾಗೆ ಹೆರಿಗೆ ಆದ ಮೇಲೆ ಇಳಿಯೋದಲ್ಲ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕಡಿಮೆಯಾಗಿ, ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುವ ಲಿವರ್‌ನ ಕೆಲಸ ನಿಧಾನವಾಗುತ್ತದೆ, ಅದು ಹಾಗೇ ಉಳಿಯುತ್ತದೆ. ಹಾರ್ಮೋನ್ ಮಾತ್ರೆ ಮೈ ಬಿಸಿಯೇರಿ ಬೆವರೋದಕ್ಕೆ ಸರಿ. ಎಲ್‌ಡಿಎಲ್ ಸ್ವಲ್ಪ ಇಳಿಸಿದರೂ ಟ್ರೈಗ್ಲಿಸರೈಡ್ ಏರಿಸುತ್ತದೆ, ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ಕೊಲೆಸ್ಟ್ರಾಲ್‌ಗೆ ಅಂತ ಅದನ್ನು ಕೊಡೋದಿಲ್ಲ. ಮಾತ್ರೆ ಬಿಟ್ಟ ಅಮ್ಮನ ಎಲ್‌ಡಿಎಲ್ ಮತ್ತೆ 180ಕ್ಕೆ ಬಂತು. ಥೈರಾಯ್ಡ್, ಶುಗರ್, ಬಿಪಿ ನೋಡಿ ಡಾಕ್ಟರ್ ಅದೇ ಅಟೋರ್ವಾಸ್ಟಾಟಿನ್ ಮತ್ತೆ ಶುರು ಮಾಡಿದರು.

ಹಾಗಾಗಿ ನೀವು ಊಟ ಬಿಡಬೇಡಿ, ಅಮ್ಮ ಮಾತ್ರೆ ಬಿಡೋದು ಬೇಡ. ನಿಮ್ಮ ಟೆಸ್ಟ್ ಹೆರಿಗೆಯಾಗಿ ಮೂರು ತಿಂಗಳಿಗೆ ಮತ್ತೆ ಮಾಡಿಸಿ. ಆಗಲೂ ಎಲ್‌ಡಿಎಲ್ 190 ದಾಟಿದ್ದರೆ ನಿಮ್ಮ ಅಣ್ಣ ತಮ್ಮ, ಅಕ್ಕ ತಂಗಿಯರದ್ದೂ ನೋಡಿಸಬೇಕಾಗುತ್ತದೆ.